ಬೋನಸ್, ರೀಫಂಡ್, ಮುಯ್ಯಿ: ಒಟ್ಟಿಗೆ ಬಂದ ದುಡ್ಡಿಗೆ ಮೂರು ನಿಯಮ, ಯಾರಿಗೆ ಯಾವುದು?

ಸಂಬಳದ ದುಡ್ಡಿಗೆ ನಮ್ಮ ಮನೆಗಳಲ್ಲಿ ಲೆಕ್ಕ ಇರುತ್ತದೆ. ಬಾಡಿಗೆ, ಹಾಲು, ದಿನಸಿ, ಸ್ಕೂಲ್ ವ್ಯಾನು, ಚೀಟಿ, ಎಲ್ಲಕ್ಕೂ ಒಂದೊಂದು ಪಾಲು. ದೀಪಾವಳಿ ಬೋನಸ್ ಬಂದಾಗ, ಇನ್‌ಕಮ್ ಟ್ಯಾಕ್ಸ್ ರೀಫಂಡ್ ಬಂದಾಗ, ನಾಮಕರಣದಲ್ಲಿ ಮುಯ್ಯಿ ಕವರ್‌ಗಳು ಕೈಗೆ ಬಂದಾಗ ಈ ಲೆಕ್ಕ ನೆನಪಿಗೇ ಬರುವುದಿಲ್ಲ. ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುವ ಮನುಷ್ಯನೇ ಬೋನಸ್ ಬಂದ ವಾರ ಐದು ಸಾವಿರದ ವಾಚನ್ನು ಹೆಚ್ಚು ಯೋಚಿಸದೆ ಕೊಂಡು ತರುತ್ತಾನೆ. ಎರಡೂ ಅವನ ದುಡ್ಡೇ. ಆದರೆ ಒಂದು ದುಡಿದದ್ದು, ಇನ್ನೊಂದು ಸುಮ್ನೆ ಬಂದದ್ದು ಅಂತ ಮನಸ್ಸು ಬೇರೆ ಬೇರೆ ಡಬ್ಬಿಗೆ ಹಾಕಿಬಿಟ್ಟಿರುತ್ತದೆ.

ಅರ್ಥಶಾಸ್ತ್ರದಲ್ಲಿ ಇದನ್ನು ಮೆಂಟಲ್ ಅಕೌಂಟಿಂಗ್ ಎನ್ನುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿ ಇದರ ಬಗ್ಗೆ ಬರೆದ ಪ್ರಬಂಧ ಈ ವಿಷಯಕ್ಕೆ ಒಂದು ರೂಪ ಕೊಟ್ಟಿತು. 2017ರಲ್ಲಿ ಅವರಿಗೆ ನೊಬೆಲ್ ಬಂತು. ಈ ಅಭ್ಯಾಸವನ್ನು ಬಿಡಿ ಎಂದು ಹೇಳುವುದು ಈ ಬರಹದ ಉದ್ದೇಶ ಅಲ್ಲ, ಅದು ಬಿಡುವಂಥದ್ದೂ ಅಲ್ಲ. ಡಬ್ಬಿ ಹಾಕುವ ಗುಣ ಹೇಗೂ ಇದೆ, ಡಬ್ಬಿಯ ಮೇಲಿನ ಚೀಟಿಯನ್ನು ನಾವೇ ಮೊದಲೇ ಬರೆದಿಟ್ಟರೆ ಆಯಿತು. ಹೀಗೆ ಬರೆಯಲು ಸಾಮಾನ್ಯವಾಗಿ ಮೂರು ನಿಯಮಗಳು ಬಳಕೆಯಲ್ಲಿವೆ. ಪಾಲಿನ ನಿಯಮ, ಮೆಟ್ಟಿಲಿನ ನಿಯಮ, ತಿಂಗಳ ಕಂತಿನ ನಿಯಮ. ಯಾವುದು ಯಾರಿಗೆ ಹೊಂದುತ್ತದೆ ಅನ್ನುವುದನ್ನು ಒಂದು ಮನೆಯ ಲೆಕ್ಕ ಹಿಡಿದು ನೋಡೋಣ.

ಮೊದಲು, ಈ ದುಡ್ಡು ಎಲ್ಲಿಂದ ಬಂತು?

ನಿಯಮ ಆರಿಸುವ ಮೊದಲು ಇದನ್ನು ಸರಿಯಾಗಿ ನೋಡಬೇಕು. ಈ ಮೂರರಲ್ಲಿ ಒಂದೂ ಪುಕ್ಕಟೆ ದುಡ್ಡಲ್ಲ.

ಬೋನಸ್ ತಗೊಳ್ಳಿ. ಕಾನೂನಿನ ಪ್ರಕಾರ ಕನಿಷ್ಠ ಬೋನಸ್ ಶೇಕಡಾ 8.33. ಇದು ಎಲ್ಲಿಂದಲೋ ಬಂದ ಸಂಖ್ಯೆ ಅಲ್ಲ, ನೂರನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು. ಅಂದರೆ ಲೆಕ್ಕಕ್ಕೆ ಹಿಡಿಯುವ ವರ್ಷದ ಸಂಬಳದಲ್ಲಿ ಒಂದು ತಿಂಗಳ ಪಾಲು. ಹಣಕಾಸು ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕು ಅನ್ನುವುದು ನಿಯಮ. ಮಾರ್ಚ್‌ಗೆ ಲೆಕ್ಕ ಮುಗಿಸುವ ಕಂಪನಿಗೆ ಅದು ನವೆಂಬರ್ ಕೊನೆ ಆಗುತ್ತದೆ. ಹಬ್ಬದ ಹೊತ್ತಿಗೆ ಬರುವುದರಿಂದ ಅದು ಹಬ್ಬದ ಉಡುಗೊರೆಯ ಹಾಗೆ ಕಾಣುತ್ತದೆ, ಆದರೆ ಅದು ಹಿಂದಿನ ವರ್ಷ ದುಡಿದ ಕೂಲಿ.

ಟ್ಯಾಕ್ಸ್ ರೀಫಂಡ್ ಇನ್ನೂ ಸ್ಪಷ್ಟ. ನಿಮ್ಮ ದುಡ್ಡನ್ನೇ ಟಿಡಿಎಸ್ ಅಂತ ಜಾಸ್ತಿ ಹಿಡಿದಿದ್ದರು, ಈಗ ವಾಪಸ್ ಕೊಡುತ್ತಿದ್ದಾರೆ. ಸಮಯಕ್ಕೆ ರಿಟರ್ನ್ ಹಾಕಿದ್ದರೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ 0.5ರಂತೆ ಬಡ್ಡಿ ಸೇರುತ್ತದೆ. ಅದಕ್ಕೆ ಮುಂಚೆ, ತಿಂಗಳು ತಿಂಗಳು ಕಡಿತ ಆದ ಆ ವರ್ಷಕ್ಕೆ ಏನೂ ಇಲ್ಲ. ಸೇರಿದ ಬಡ್ಡಿಗೂ ಮುಂದಿನ ರಿಟರ್ನ್‌ನಲ್ಲಿ ಲೆಕ್ಕ ತೋರಿಸಬೇಕು.

ಮುಯ್ಯಿಯ ವಿಷಯ ಬೇರೆ, ಮತ್ತು ನನ್ನ ಪ್ರಕಾರ ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಹಳ್ಳಿ ಕಡೆಯ ಮದುವೆಯಲ್ಲಿ ಮಂಟಪದ ಪಕ್ಕ ಒಂದು ಟೇಬಲ್ ಹಾಕಿಕೊಂಡು, ಗೆರೆ ಹಾಕಿದ ನೋಟ್‌ಬುಕ್ ಇಟ್ಟುಕೊಂಡು, ಬಂದವರ ಹೆಸರು, ಊರು, ಮೊತ್ತ ಬರೆಯುತ್ತಾರೆ. ಆ ಪುಸ್ತಕವನ್ನು ವರ್ಷಗಟ್ಟಲೆ ಕಾಪಾಡುತ್ತಾರೆ. ಬೇರೆಯವರ ಮನೆಯ ಲಗ್ನಪತ್ರಿಕೆ ಬಂದ ದಿನ ಅತ್ತೆಯವರು ಪುಸ್ತಕ ತೆಗೆಸಿ "ಅವರು ನಮಗೆ ಎಷ್ಟು ಹಾಕಿದ್ರು ನೋಡಮ್ಮಾ" ಅಂತಾರೆ. 501 ಹಾಕಿದ್ದರೆ ನಾವು 501ಕ್ಕಿಂತ ಕಡಿಮೆ ಹಾಕುವ ಹಾಗಿಲ್ಲ. ಹಾಗಾದರೆ ಆ ಪುಸ್ತಕ ಯಾವುದರ ಪಟ್ಟಿ? ವಾಪಸ್ ಕೊಡಬೇಕಾದ ದುಡ್ಡಿನ ಪಟ್ಟಿ, ಅಲ್ವಾ? ಬಡ್ಡಿ ಇಲ್ಲ, ತಾರೀಖು ಗೊತ್ತಿಲ್ಲ, ಆದರೆ ಕೊಡಲೇಬೇಕು. ಇದನ್ನು ಖರ್ಚು ಮಾಡಿಬಿಟ್ಟ ಮನೆಯಲ್ಲಿ ಮದುವೆ ಸೀಸನ್ ಬಂದಾಗ ಸಂಬಳಕ್ಕೆ ಕತ್ತರಿ ಬೀಳುತ್ತದೆ.

ತೆರಿಗೆಯ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಹತ್ತಿರದ ಸಂಬಂಧಿಕರು ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ, ನಿಮ್ಮ ಸ್ವಂತ ಮದುವೆಗೆ ಬಂದದ್ದಕ್ಕೂ ಇಲ್ಲ. ಉಳಿದಂತೆ ಸ್ನೇಹಿತರು, ಪರಿಚಯದವರು ಕೊಟ್ಟ ಹಣ ವರ್ಷದಲ್ಲಿ ಒಟ್ಟು 50,000 ದಾಟಿದರೆ ಪೂರ್ತಿ ಮೊತ್ತ ಆದಾಯಕ್ಕೆ ಸೇರುತ್ತದೆ. ಬೋನಸ್ಸಿಗೆ ಸಂಬಳದ ಹಾಗೇ ತೆರಿಗೆ. ಆದ್ದರಿಂದ ಪಾಲು ಮಾಡುವಾಗ ಖಾತೆಗೆ ಬಿದ್ದ ಮೊತ್ತ ಹಿಡಿಯಿರಿ, ಲೆಟರ್‌ನಲ್ಲಿ ಬರೆದ ಮೊತ್ತ ಅಲ್ಲ.

ಸಣ್ಣ ಮೊತ್ತವೇ ಹೆಚ್ಚು ಸೋರುತ್ತದೆ

1960ರ ದಶಕದಲ್ಲಿ ಮೈಕೆಲ್ ಲ್ಯಾಂಡ್ಸ್‌ಬರ್ಗರ್ ಎಂಬ ಅರ್ಥಶಾಸ್ತ್ರಜ್ಞ ಇಸ್ರೇಲಿನ ಕುಟುಂಬಗಳ ಖರ್ಚಿನ ಲೆಕ್ಕ ತೆಗೆದು ನೋಡಿದರು. ಆ ಕುಟುಂಬಗಳಿಗೆ ಜರ್ಮನಿಯಿಂದ ಯುದ್ಧದ ಪರಿಹಾರದ ಹಣ ಬಂದಿತ್ತು. ಕೆಲವರಿಗೆ ವರ್ಷದ ಆದಾಯದ ಮೂರರಲ್ಲಿ ಎರಡು ಪಾಲಿನಷ್ಟು ಬಂದಿತ್ತು, ಕೆಲವರಿಗೆ ಶೇ 7ರಷ್ಟು ಮಾತ್ರ. ದೊಡ್ಡ ಮೊತ್ತ ಬಂದವರು ಅದರಲ್ಲಿ ಕಾಲು ಭಾಗದಷ್ಟನ್ನೂ ಖರ್ಚು ಮಾಡಲಿಲ್ಲ. ಸಣ್ಣ ಮೊತ್ತ ಬಂದವರ ಖರ್ಚು ಮಾತ್ರ ಬಂದ ಹಣದ ಎರಡರಷ್ಟು ಏರಿತ್ತು. ಜಪಾನಿನಲ್ಲೂ ಇದರ ಇನ್ನೊಂದು ಮುಖ ಕಂಡಿದೆ. ಅಲ್ಲಿ ವರ್ಷಕ್ಕೆ ಎರಡು ಸಲ ಬರುವ ದೊಡ್ಡ ಬೋನಸ್ಸಿನಲ್ಲಿ ಜನ ಸಂಬಳಕ್ಕಿಂತ ಹೆಚ್ಚಿನ ಪಾಲನ್ನು ಉಳಿಸುತ್ತಿದ್ದರು. ಕೈಗೆ ದೊಡ್ಡ ಗಂಟು ಬಂದರೆ ಮನಸ್ಸು ಅದನ್ನು ಆಸ್ತಿ ಎಂದು ನೋಡುತ್ತದೆ, ಚಿಕ್ಕದು ಬಂದರೆ ಪಾಕೆಟ್ ಮನಿ ಎಂದು.

ಬಂದದ್ದಕ್ಕಿಂತ ಎರಡರಷ್ಟು ಖರ್ಚು ಆಗುವುದು ಹೇಗೆ? ಅಂಗಡಿಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. 30,000 ಬೋನಸ್ ಬಂದಿದೆ, ಫ್ರಿಡ್ಜ್ ತರೋಣ ಅಂತ ಹೋಗುತ್ತಾರೆ. 30,000ದ ಫ್ರಿಡ್ಜ್ ಪಕ್ಕದಲ್ಲೇ 48,000ದ ಎರಡು ಬಾಗಿಲಿನದ್ದು ಇರುತ್ತದೆ. "ಬೋನಸ್ ದುಡ್ಡು ಈಗ ಕಟ್ಟಿ ಸಾರ್, ಉಳಿದ 18,000ಕ್ಕೆ ಇಎಂಐ ಮಾಡಿಕೊಡ್ತೀವಿ" ಅಂತಾನೆ ಸೇಲ್ಸ್ ಹುಡುಗ. ಬೋನಸ್ ಪೂರ್ತಿ ಹೋಯಿತು, ಮೇಲೆ ಹನ್ನೆರಡು ತಿಂಗಳು ಸಂಬಳದಿಂದ 1,500 ಹೋಗಲು ಶುರುವಾಯಿತು. ಬಂದ ದುಡ್ಡು ಸಂಬಳಕ್ಕೆ ಸಹಾಯ ಆಗಬೇಕಿತ್ತು, ಸಂಬಳವೇ ಬೋನಸ್ಸಿನ ಬೆನ್ನಿಗೆ ನಿಂತಿತು.

ಇನ್ನೊಂದು ಲಕ್ಷಣ, ಬೋನಸ್ ಬರುವ ಮೊದಲೇ ಅದು ಮನಸ್ಸಿನಲ್ಲಿ ನಾಲ್ಕು ಸಲ ಖರ್ಚಾಗಿರುತ್ತದೆ. ಬೈಕಿನ ಟೈರಿಗೆ "ಬೋನಸ್ ಬರಲಿ", ಸೀರೆಗೆ "ಬೋನಸ್ ಬರಲಿ", ಧರ್ಮಸ್ಥಳದ ಪ್ರಯಾಣಕ್ಕೂ ಅದೇ. ಒಂದು ಹಾಳೆಯಲ್ಲಿ ಇವನ್ನೆಲ್ಲ ಬರೆದು ಕೂಡಿ ನೋಡಿ. ಮೊತ್ತ ಬೋನಸ್ಸಿಗಿಂತ ಜಾಸ್ತಿ ಇದ್ದರೆ ನಿಮಗೆ ನಿಯಮ ಬೇಕು.

ಉದಾಹರಣೆಯ ಮನೆ

ತುಮಕೂರಿನ ಒಂದು ಮನೆ ಅಂದುಕೊಳ್ಳಿ. ಗಂಡ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ ಮನೆಯಲ್ಲೇ ಕೂತು ಒಂದು ಸಂಸ್ಥೆಗೆ ಡಿಸೈನ್ ಮಾಡಿಕೊಡುತ್ತಾರೆ. ವರ್ಷಕ್ಕೆ 1,20,000 ಫೀಸು, ಸಂಸ್ಥೆ ಶೇ 10 ಟಿಡಿಎಸ್ ಹಿಡಿದು ಕೊಡುತ್ತದೆ. ಅವರಿಗೆ ತೆರಿಗೆ ಬೀಳುವಷ್ಟು ಆದಾಯ ಇಲ್ಲ, ಹಾಗಾಗಿ ಹಿಡಿದ 12,000 ಪೂರ್ತಿ ವಾಪಸ್ ಬರುತ್ತದೆ. ಮನೆಯ ಖರ್ಚು ತಿಂಗಳಿಗೆ 32,000. ಕಷ್ಟಕಾಲಕ್ಕೆ ಅಂತ 15,000 ಇದೆ. ಜೂನ್‌ನಲ್ಲಿ ದೊಡ್ಡ ಮಗಳ ಶಾಲೆಗೆ 28,000 ಕಟ್ಟಬೇಕು.

ಕ್ರೆಡಿಟ್ ಕಾರ್ಡ್ ಬಾಕಿ 22,000. ತಿಂಗಳಿಗೆ 2,000 ಕಟ್ಟುತ್ತಾರೆ, ಬಡ್ಡಿ ಸೇರುತ್ತದೆ, ಮತ್ತೆ ಸ್ವಲ್ಪ ಬಳಸುತ್ತಾರೆ, ಬಾಕಿ ಅಲ್ಲೇ ಆಸುಪಾಸಿನಲ್ಲಿ ನಿಂತಿದೆ. ಬಡ್ಡಿ ತಿಂಗಳಿಗೆ ಶೇ 3.5, ಅಂದರೆ 770 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 900 ದಾಟುತ್ತದೆ. ಬಾಕಿ ಉಳಿಸಿಕೊಂಡಿರುವಷ್ಟು ದಿನ ಹೊಸದಾಗಿ ಕೊಂಡ ವಸ್ತುವಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ. ಇದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ.

ಈ ಮನೆಗೆ ಆಗಸ್ಟ್‌ನಲ್ಲಿ ರೀಫಂಡ್ 12,000 ಬಂತು. ಸೆಪ್ಟೆಂಬರ್‌ನಲ್ಲಿ ಚಿಕ್ಕ ಮಗುವಿನ ನಾಮಕರಣ, ಮುಯ್ಯಿ 18,000. ಅಕ್ಟೋಬರ್‌ನಲ್ಲಿ ಬೋನಸ್ 30,000. ಒಟ್ಟು 60,000.

ಪಾಲಿನ ನಿಯಮ

ಬಂದದ್ದು ಎಷ್ಟೇ ಇರಲಿ, ಬಂದ ದಿನ ನಿಗದಿ ಮಾಡಿದ ಪಾಲು. ಉದಾಹರಣೆಗೆ 20 ಪಾಲು ಮನಸ್ಸಿಗೆ ಬಂದ ಹಾಗೆ ಖರ್ಚಿಗೆ, 30 ಪಾಲು ಸಾಲಕ್ಕೆ, 50 ಪಾಲು ಮುಂದಿನ ಗುರಿಗೆ. 60,000ದಲ್ಲಿ 12,000 ಖರ್ಚು, 18,000 ಕಾರ್ಡಿಗೆ, 30,000 ಶಾಲೆ ಫೀಸು ಮುಂತಾದ ಗುರಿಗೆ.

ಇದರ ದೊಡ್ಡ ಗುಣ ಎಂದರೆ ಮೊತ್ತ ಗೊತ್ತಿಲ್ಲದಿದ್ದರೂ ನಿಯಮ ನಿಲ್ಲುತ್ತದೆ. ಬೋನಸ್ 30,000 ಬದಲು 19,000 ಬಂದರೂ ಜಗಳ ಇಲ್ಲ, ಎಲ್ಲ ಪಾಲೂ ಒಟ್ಟಿಗೆ ಕಡಿಮೆಯಾಗುತ್ತದೆ. ಖರ್ಚಿಗೆ ಒಂದು ಪಾಲು ಇರುವುದರಿಂದ ಮನೆಯವರು ಒಪ್ಪುತ್ತಾರೆ. ಹಬ್ಬಕ್ಕೆ ಒಂದು ರೂಪಾಯಿ ಇಲ್ಲ ಎನ್ನುವ ನಿಯಮ ಮೊದಲ ಹಬ್ಬದಲ್ಲೇ ಮುರಿಯುತ್ತದೆ.

ಕೊರತೆ ಎಲ್ಲಿದೆ ಅಂದರೆ, ಸಾಲದ ಬಡ್ಡಿ ಎಷ್ಟು ಎಂದು ಈ ನಿಯಮ ಕೇಳುವುದೇ ಇಲ್ಲ. ನಮ್ಮ ಮನೆಯ ಲೆಕ್ಕದಲ್ಲಿ ಮೂರು ತಿಂಗಳಾದ ಮೇಲೂ ಕಾರ್ಡಿನಲ್ಲಿ 4,000 ಬಾಕಿ ಉಳಿಯುತ್ತದೆ. ಪಕ್ಕದಲ್ಲೇ 30,000 ಬ್ಯಾಂಕಿನಲ್ಲಿ ವರ್ಷಕ್ಕೆ ಆರೇಳು ಪರ್ಸೆಂಟಿಗೆ ಕೂತಿರುತ್ತದೆ. ಕಾರ್ಡು ಅಷ್ಟು ಪರ್ಸೆಂಟ್ ಬಡ್ಡಿಯನ್ನು ಎರಡೇ ತಿಂಗಳಲ್ಲಿ ತಿನ್ನುತ್ತದೆ.

ಮೆಟ್ಟಿಲಿನ ನಿಯಮ

ಇಲ್ಲಿ ಪಾಲು ಇಲ್ಲ, ಸರದಿ ಇದೆ. ಮೊದಲ ಮೆಟ್ಟಿಲು ದುಬಾರಿ ಸಾಲ. ಅದು ತೀರಿದ ಮೇಲೆ ಕಷ್ಟಕಾಲದ ಹಣ. ಅದು ತುಂಬಿದ ಮೇಲೆ ಗುರಿಗಳು. ಪ್ರತಿ ಸಲ ಒಂದು ಹತ್ತು ಪರ್ಸೆಂಟ್ ಮಾತ್ರ ಖರ್ಚಿಗೆ.

ಆಗಸ್ಟ್‌ನಲ್ಲಿ 1,200 ಖರ್ಚಿಗೆ ತೆಗೆದು 10,800 ಕಾರ್ಡಿಗೆ, ಬಾಕಿ 11,200. ಸೆಪ್ಟೆಂಬರ್‌ನಲ್ಲಿ 16,200 ಸಿಕ್ಕಿತು, ಕಾರ್ಡ್ ತೀರಿತು, 5,000 ಉಳಿಯಿತು. ಅಕ್ಟೋಬರ್‌ನಲ್ಲಿ 27,000. ಕಷ್ಟಕಾಲದ ಹಣ 15,000ದಿಂದ 47,000ಕ್ಕೆ ಏರಿತು, ಅಂದರೆ ಸುಮಾರು ಒಂದೂವರೆ ತಿಂಗಳ ಖರ್ಚು.

ಬಡ್ಡಿಯಲ್ಲಿ ಎಷ್ಟು ಉಳಿಯಿತು? ಅಕ್ಟೋಬರ್ ಬೋನಸ್ ಬರುವವರೆಗೆ ಪಾಲಿನ ನಿಯಮದಲ್ಲಿ ಸುಮಾರು 1,100 ಬಡ್ಡಿ, ಮೆಟ್ಟಿಲಿನಲ್ಲಿ ಸುಮಾರು 390. ವ್ಯತ್ಯಾಸ ಎರಡು ತಿಂಗಳಿಗೆ 700 ರೂಪಾಯಿ, ಜಿಎಸ್‌ಟಿ ಬೇರೆ. ಇದನ್ನು ನೆನಪಿಡಿ. ಒಂದು ನಿಯಮಕ್ಕೂ ಇನ್ನೊಂದಕ್ಕೂ ಇರುವ ಅಂತರ ನೂರುಗಳಲ್ಲಿದೆ. ನಿಯಮ ಇರುವ ಮನೆಗೂ ಇಲ್ಲದ ಮನೆಗೂ ಇರುವ ಅಂತರ ಸಾವಿರಗಳಲ್ಲಿದೆ. ಆ ಎರಡು ಬಾಗಿಲಿನ ಫ್ರಿಡ್ಜ್ ಒಂದೇ 18,000.

ಮೆಟ್ಟಿಲಿನ ನಿಯಮ ಎಡವುವುದು ಜೂನ್‌ನಲ್ಲಿ. 28,000 ಫೀಸಿಗೆ ಅಂತ ಯಾವ ಡಬ್ಬಿಯಲ್ಲೂ ಹೆಸರು ಬರೆದಿಲ್ಲ. ಕಷ್ಟಕಾಲದ 47,000 ಇದೆ, ಅದರಿಂದ ತೆಗೆದರೆ ಆಯಿತು ಅಂತ ನೀವು ಹೇಳಬಹುದು. ಆದರೆ ಮನಸ್ಸಿನ ಲೆಕ್ಕ ಇಲ್ಲೂ ಅಡ್ಡ ಬರುತ್ತದೆ. "ಅದು ಆಸ್ಪತ್ರೆಗೆ ಇಟ್ಟ ದುಡ್ಡು, ಮುಟ್ಟಬಾರದು" ಅಂತ ಫೀಸನ್ನು ಮತ್ತೆ ಕಾರ್ಡಿನಲ್ಲಿ ಉಜ್ಜುತ್ತಾರೆ. ವರ್ಷಕ್ಕೆ ಎರಡೂವರೆ ಮೂರು ಪರ್ಸೆಂಟ್ ಕೊಡುವ ಉಳಿತಾಯ ಖಾತೆಯನ್ನು ಕಾಪಾಡಲು ನಲವತ್ತೆರಡು ಪರ್ಸೆಂಟಿನ ಸಾಲ. ಓದಿದವರ ಮನೆಯಲ್ಲೂ ಇದು ನಡೆಯುತ್ತದೆ. ಗೊತ್ತಿರುವ ಖರ್ಚಿಗೆ ಬೇರೆ ಹೆಸರಿನ ಡಬ್ಬಿ ಇಲ್ಲದಿದ್ದರೆ ಮೆಟ್ಟಿಲಿನ ನಿಯಮ ಸುತ್ತಿ ಬಂದು ಅಲ್ಲೇ ನಿಲ್ಲುತ್ತದೆ.

ತಿಂಗಳ ಕಂತಿನ ನಿಯಮ

ಬಂದ ದುಡ್ಡನ್ನೆಲ್ಲ ಬೇರೊಂದು ಖಾತೆಗೆ ಹಾಕಿ, ಸಂಬಳದ ದಿನ ಅದರಿಂದ ಹನ್ನೆರಡನೇ ಒಂದು ಪಾಲನ್ನು ಮನೆಯ ಖಾತೆಗೆ ತರುವುದು. 60,000 ಇದ್ದರೆ ತಿಂಗಳಿಗೆ 5,000. ಹೀಗೆ ಮಾಡಿದರೆ ಬೋನಸ್ ಮತ್ತೆ ಸಂಬಳದ ರೂಪಕ್ಕೆ ಬರುತ್ತದೆ, ಸಂಬಳಕ್ಕೆ ಇರುವ ಶಿಸ್ತೇ ಅದಕ್ಕೂ ಬರುತ್ತದೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ಮಂಡ್ಯದ ಕಬ್ಬು ಬೆಳೆಗಾರರು ಇದನ್ನು ಹೊಸದಾಗಿ ಕಲಿಯಬೇಕಿಲ್ಲ. ಅವರಿಗೆ ವರ್ಷದ ಆದಾಯವೇ ಗಂಟಾಗಿ ಬರುತ್ತದೆ, ಅದನ್ನು ತಿಂಗಳುಗಳಿಗೆ ಹಂಚಿ ಬದುಕುವುದು ಅವರ ಮಾಮೂಲು. ಕಮಿಷನ್ ಮೇಲೆ ದುಡಿಯುವವರಿಗೆ, ಅರ್ಧಕ್ಕಿಂತ ಹೆಚ್ಚು ಆದಾಯ ಇನ್ಸೆಂಟಿವ್ ಆಗಿ ಬರುವವರಿಗೆ ಈ ನಿಯಮವೇ ಸರಿ. ಅವರಿಗೆ ಬೋನಸ್ ಹೆಚ್ಚುವರಿ ಅಲ್ಲ, ಅದೇ ಊಟ.

ಕಾರ್ಡ್ ಸಾಲ ಇರುವ ಮನೆಗೆ ಮಾತ್ರ ಇದು ಬೇಡ. ಐವತ್ತು ಸಾವಿರ ಉಳಿತಾಯ ಖಾತೆಯಲ್ಲಿ ಮಲಗಿರುವಾಗ ಇತ್ತ ತಿಂಗಳಿಗೆ ಶೇ 3.5 ಬಡ್ಡಿ ಓಡುತ್ತಿರುತ್ತದೆ. ಇನ್ನೊಂದು ಅಪಾಯವೂ ಇದೆ. ತಿಂಗಳಿಗೆ 5,000 ಹೆಚ್ಚು ಬರುತ್ತಿದ್ದರೆ ಮನೆಯ ಖರ್ಚು 32,000ದಿಂದ 37,000ಕ್ಕೆ ಮೆಲ್ಲಗೆ ಏರಿಬಿಡುತ್ತದೆ, ಮುಂದಿನ ವರ್ಷ ಬೋನಸ್ ಕಡಿಮೆ ಬಂದರೆ ಇಳಿಸುವುದು ಕಷ್ಟ. ಮೂರನೇ ತಿಂಗಳಲ್ಲಿ ದಿನಸಿ ಬಿಲ್ ನೋಡಿ. ಹಾಲು, ತರಕಾರಿ ಅಷ್ಟೇ ಇದ್ದು ಹೋಟೆಲಿನ ಖರ್ಚು ಏರಿದ್ದರೆ ಕಂತು ಆ ಕಡೆ ಹೋಗುತ್ತಿದೆ ಅಂತ ಅರ್ಥ.

ಹಾಗಾದರೆ ಯಾವುದು?

ಕ್ರೆಡಿಟ್ ಕಾರ್ಡ್, ಆ್ಯಪ್ ಸಾಲ, ಕೈಸಾಲದ ಮೀಟರ್ ಬಡ್ಡಿ, ಇಂಥದ್ದು ಯಾವುದಾದರೂ ಇದ್ದರೆ ಅದು ತೀರುವವರೆಗೆ ಮೆಟ್ಟಿಲು. ಅದು ತೀರಿದ ದಿನದಿಂದ ಪಾಲು. ಆದಾಯವೇ ಏರಿಳಿತದ್ದಾದರೆ, ಸಾಲ ಇಲ್ಲದಿದ್ದರೆ, ತಿಂಗಳ ಕಂತು. ಗೃಹಸಾಲವನ್ನು ನಾನು ದುಬಾರಿ ಸಾಲದ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದರ ಬಡ್ಡಿ ಕಡಿಮೆ, ಮತ್ತು ಒಮ್ಮೆ ಕಟ್ಟಿದ ದುಡ್ಡು ಕಷ್ಟಕಾಲಕ್ಕೆ ಸುಲಭವಾಗಿ ವಾಪಸ್ ಸಿಗುವುದಿಲ್ಲ. ಕಷ್ಟಕಾಲದ ಹಣ ಮೂರು ತಿಂಗಳ ಖರ್ಚಿನಷ್ಟಾದರೂ ತುಂಬಿದ ಮೇಲೆ ಆ ಕಡೆ ನೋಡಿದರೆ ಸಾಕು.

ತುಮಕೂರಿನ ಮನೆಗೆ ಎರಡನ್ನು ಸೇರಿಸಿ ಹೀಗೆ ಮಾಡೋಣ. ಆಗಸ್ಟ್ ರೀಫಂಡಿನಲ್ಲಿ 1,200 ಖರ್ಚಿಗೆ, 10,800 ಕಾರ್ಡಿಗೆ. ಬಾಕಿ 11,200.

ಸೆಪ್ಟೆಂಬರ್ ಮುಯ್ಯಿ 18,000. ಮೊದಲು ನೋಟ್‌ಬುಕ್ ತೆಗೆದು ಮುಂದಿನ ಒಂದು ವರ್ಷದಲ್ಲಿ ಯಾರ ಮನೆಯಲ್ಲಿ ಮದುವೆ, ಗೃಹಪ್ರವೇಶ ಇದೆ ಎಂದು ಅಂದಾಜು ಮಾಡಿದರು. 6,000 ವಾಪಸ್ ಹಾಕಬೇಕಾಗುತ್ತದೆ. ಅದನ್ನು ಬೇರೆ ಇಟ್ಟರು. ಉಳಿದ 12,000ದಲ್ಲಿ 11,200 ಕಾರ್ಡಿಗೆ ಹೋಯಿತು, ಬಾಕಿ ಸೊನ್ನೆ. 800 ಮಗುವಿನ ಬಟ್ಟೆಗೆ. ಮುಯ್ಯಿ ವಾಪಸ್ ಕೊಡಬೇಕಾದ ದುಡ್ಡು ಅಂತ ಹೇಳಿ ಕಾರ್ಡಿಗೆ ಕಟ್ಟಿದ್ದು ಸರಿಯೇ ಎಂದು ಕೇಳಬಹುದು. ಸರಿ, ಏಕೆಂದರೆ ಉಳಿದದ್ದನ್ನು ಹಿಂತಿರುಗಿಸುವುದು ಎರಡು ಮೂರು ವರ್ಷದ ನಂತರ, ಅದಕ್ಕೆ ಬಡ್ಡಿಯೂ ಇಲ್ಲ. ಕಾರ್ಡ್ ಕಾಯುವುದಿಲ್ಲ.

ಅಕ್ಟೋಬರ್ ಬೋನಸ್ 30,000. ಈಗ ಸಾಲ ಇಲ್ಲ, ಪಾಲಿನ ನಿಯಮ ಶುರು. ಸಾಲದ 30 ಪಾಲು ಈಗ ಕಷ್ಟಕಾಲಕ್ಕೆ. 6,000 ಹಬ್ಬದ ಖರ್ಚು, 9,000 ಕಷ್ಟಕಾಲಕ್ಕೆ ಸೇರಿ ಅಲ್ಲಿ 24,000. ಉಳಿದ 15,000ವನ್ನು ಮೇ ಕೊನೆಗೆ ಮುಗಿಯುವ ಹಾಗೆ ಎಫ್‌ಡಿ ಮಾಡಿದರು. ಇಷ್ಟು ದಿನ ಕಾರ್ಡಿಗೆ ಕಟ್ಟುತ್ತಿದ್ದ ತಿಂಗಳ 2,000 ಈಗ ಉಳಿಯುತ್ತದೆ. ಅದನ್ನು ನವೆಂಬರ್‌ನಿಂದ ಮೇ ತನಕ ಏಳು ತಿಂಗಳ ಆರ್‌ಡಿಗೆ ಹಾಕಿದರೆ 14,000. ಎರಡೂ ಸೇರಿ 29,000, ಬಡ್ಡಿ ಬಿಟ್ಟು. ಜೂನ್‌ನ ಫೀಸು 28,000. ಪೋಸ್ಟ್ ಆಫೀಸಿನ ಆರ್‌ಡಿ ಇಲ್ಲಿ ಹೊಂದುವುದಿಲ್ಲ, ಅದು ಐದು ವರ್ಷದ್ದು. ಕೆಲವು ಬ್ಯಾಂಕುಗಳಲ್ಲಿ ಇಂಥ ಕಡಿಮೆ ಅವಧಿಯದ್ದು ಸಿಗುತ್ತದೆ.

ಆ 2,000ವನ್ನು ಅದೇ ತಿಂಗಳು ಆರ್‌ಡಿಗೆ ತಿರುಗಿಸುವುದು ಮುಖ್ಯ. ಒಂದೆರಡು ತಿಂಗಳು ಸುಮ್ನೆ ಬಿಟ್ಟರೆ ಅದು ಖರ್ಚಿನಲ್ಲಿ ಸೇರಿಹೋಗುತ್ತದೆ, ಆಮೇಲೆ ಹುಡುಕಿದರೂ ಸಿಗುವುದಿಲ್ಲ.

ನಿಯಮ ನಿಲ್ಲಬೇಕಾದರೆ

ಪಾಲನ್ನು ದುಡ್ಡು ಬರುವ ಮೊದಲು ಬರೆಯಬೇಕು. ಬಂದ ಮೇಲೆ ಕೂತರೆ ಪಾಲು ಆಸೆಯ ಕಡೆ ವಾಲುತ್ತದೆ. ಯುಗಾದಿ ಹೊತ್ತಿಗೆ ಗಂಡ ಹೆಂಡತಿ ಕೂತು, ಯಾವ ದುಡ್ಡಿಗೆ ಎಷ್ಟು ಪಾಲು ಎಂದು ನಾಲ್ಕು ಸಾಲು ಬರೆದು ಮುಯ್ಯಿ ಪುಸ್ತಕದ ಒಳಗೇ ಅಂಟಿಸಿದರೂ ಸಾಕು.

ಎರಡನೆಯದು, ದುಡ್ಡು ಇಳಿಯುವ ಖಾತೆ. ಸಂಬಳದ ಖಾತೆಯಲ್ಲಿ ಯುಪಿಐ ಇದೆ, ಕೈ ಅಲ್ಲಿಗೇ ಹೋಗುತ್ತದೆ. ರಿಟರ್ನ್ ತುಂಬುವಾಗ ರೀಫಂಡ್ ಯಾವ ಖಾತೆಗೆ ಬರಬೇಕು ಎಂದು ನೀವೇ ಆರಿಸಬಹುದು. ಯುಪಿಐ ಜೋಡಿಸದ ಒಂದು ಉಳಿತಾಯ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ವ್ಯಾಲಿಡೇಟ್ ಮಾಡಿಸಿ ಅದನ್ನೇ ಆರಿಸಿ. ಪ್ಯಾನ್‌ನಲ್ಲಿರುವ ಹೆಸರಿಗೂ ಖಾತೆಯ ಹೆಸರಿಗೂ ತಾಳೆ ಇರಬೇಕು, ಇಲ್ಲದಿದ್ದರೆ ರೀಫಂಡ್ ಬರದೆ ವಾಪಸ್ ಹೋಗುತ್ತದೆ. ರಿಟರ್ನ್ ಹಾಕಿದ 30 ದಿನದೊಳಗೆ ಇ-ವೆರಿಫೈ ಮಾಡುವುದನ್ನೂ ಮರೆಯಬೇಡಿ, ಅದಾಗದೆ ರೀಫಂಡಿನ ಕೆಲಸವೇ ಶುರುವಾಗುವುದಿಲ್ಲ. ಬೋನಸ್ಸಿಗೆ ಇಂಥ ಆಯ್ಕೆ ಇರುವುದಿಲ್ಲ, ಅದು ಸಂಬಳದ ಖಾತೆಗೇ ಬೀಳುತ್ತದೆ. ಬಿದ್ದ ಮೆಸೇಜ್ ಬಂದ ಸಂಜೆಯೇ ಪಾಲು ಮಾಡಿ ಕಳಿಸಿಬಿಡಿ. ಭಾನುವಾರ ನೋಡೋಣ ಅಂದರೆ ನಡುವೆ ಶನಿವಾರ ಇರುತ್ತದೆ. ಮುಯ್ಯಿ ನಗದಾಗಿ ಬರುವುದರಿಂದ ಅದೇ ಎಲ್ಲಕ್ಕಿಂತ ಬೇಗ ಕರಗುತ್ತದೆ. ಸಮಾರಂಭದ ಮಾರನೇ ದಿನ ಎಣಿಸಿ ಬ್ಯಾಂಕಿಗೆ ಕಟ್ಟುವ ಕೆಲಸವನ್ನು ಒಬ್ಬರಿಗೆ ವಹಿಸಿ.

ಮೂರನೆಯದು, ಖರ್ಚಿನ ಪಾಲಿಗೆ ಒಂದೇ ಷರತ್ತು: ಪೂರ್ತಿ ಬೆಲೆ ಆ ಪಾಲಿನಲ್ಲೇ ಮುಗಿಯಬೇಕು. 6,000 ಇದ್ದರೆ 6,000ದೊಳಗಿನ ವಸ್ತು. ಅದನ್ನು ಡೌನ್ ಪೇಮೆಂಟ್ ಮಾಡುವ ಹಾಗಿಲ್ಲ. ಈ ಒಂದು ಷರತ್ತು ಇದ್ದರೆ ಆ ಪಾಲಿನಲ್ಲಿ ಏನು ಕೊಂಡಿರಿ ಎಂದು ಯಾರೂ ಯಾರನ್ನೂ ಕೇಳಬೇಕಿಲ್ಲ.

ಮಕ್ಕಳ ಕೈಗೆ ಅಜ್ಜಿ ತಾತ ಕೊಡುವ ದುಡ್ಡನ್ನು ಈ ಲೆಕ್ಕಕ್ಕೆ ಎಳೆಯಬೇಡಿ. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಅದಕ್ಕೆ ಸುಕನ್ಯಾ ಸಮೃದ್ಧಿ ಖಾತೆ ಚೆನ್ನಾಗಿ ಹೊಂದುತ್ತದೆ. ವರ್ಷಕ್ಕೆ 250 ಹಾಕಿದರೂ ಖಾತೆ ನಡೆಯುತ್ತದೆ, ಮತ್ತು ದೊಡ್ಡವರು ಬೇಕೆಂದಾಗ ಅದನ್ನು ತೆಗೆಯುವ ಹಾಗಿಲ್ಲ.

ಸಾವಿರಕ್ಕಿಂತ ಕಡಿಮೆ ಬಂದದ್ದಕ್ಕೆ ನಿಯಮ ಹಾಕುವುದು ಬೇಡ, ಬೇಸರ ಬಂದು ಎಲ್ಲವನ್ನೂ ಬಿಟ್ಟುಬಿಡುತ್ತೀರಿ. ಇನ್ನೊಂದು ತುದಿಯಲ್ಲಿ, ಗ್ರ್ಯಾಚುಟಿ, ಎಲ್‌ಐಸಿ ಮೆಚ್ಯೂರಿಟಿ, ಜಮೀನು ಮಾರಿದ ಹಣ, ಇಂಥ ದೊಡ್ಡ ಗಂಟಿಗೂ ಈ ಪಾಲುಗಳು ಸಲ್ಲುವುದಿಲ್ಲ. ಹತ್ತು ಲಕ್ಷದಲ್ಲಿ ಶೇ 20 ಅಂದರೆ ಎರಡು ಲಕ್ಷ ಖರ್ಚು. ಅಂಥ ಹಣವನ್ನು ಮೂರು ತಿಂಗಳ ಎಫ್‌ಡಿಯಲ್ಲಿ ಇಟ್ಟು, ಬಂಧು ಬಳಗದ ಸಲಹೆ, ಬ್ಯಾಂಕಿನವರ ಫೋನು ಎಲ್ಲ ತಣ್ಣಗಾದ ಮೇಲೆ ತೀರ್ಮಾನ ಮಾಡುವುದು ಒಳ್ಳೆಯದು.

ರೀಫಂಡ್ ವಿಷಯದಲ್ಲಿ ಇನ್ನೊಂದು ಮಾತು ಉಳಿಯಿತು. ಪ್ರತಿ ವರ್ಷ ದೊಡ್ಡ ರೀಫಂಡ್ ಬರುತ್ತಿದೆ ಎಂದರೆ ಸಂತೋಷಪಡುವ ಮೊದಲು ಕಡಿತವನ್ನು ನೋಡಿ. ಸಂಬಳದಾರರು ಹೊಸ ಪದ್ಧತಿಯೋ ಹಳೆಯದೋ, ಯಾವ ವಿನಾಯಿತಿಗಳಿವೆ ಅನ್ನುವುದನ್ನು ಏಪ್ರಿಲ್‌ನಲ್ಲೇ ಕಂಪನಿಗೆ ಸರಿಯಾಗಿ ತಿಳಿಸಿದರೆ ಜಾಸ್ತಿ ಹಿಡಿಯುವುದು ತಪ್ಪುತ್ತದೆ. ನಮ್ಮ ಉದಾಹರಣೆಯ ಹೆಂಡತಿಯ ಹಾಗೆ ಫೀಸು ಪಡೆಯುವವರು ಕಡಿಮೆ ಕಡಿತದ ಸರ್ಟಿಫಿಕೇಟಿಗೆ ಇಲಾಖೆಗೆ ಅರ್ಜಿ ಹಾಕಬಹುದು. ಆ ಮನೆಯಲ್ಲಿ ಆದದ್ದನ್ನೇ ನೋಡಿ: ಅವರ ಫೀಸಿನಿಂದ ತಿಂಗಳಿಗೆ 1,000 ಹಿಡಿದು ಇಟ್ಟದ್ದಕ್ಕೆ ಏಪ್ರಿಲ್ ನಂತರ ಸಿಕ್ಕ ಬಡ್ಡಿ ತಿಂಗಳಿಗೆ ಶೇ 0.5. ಅದೇ ತಿಂಗಳುಗಳಲ್ಲಿ ಅವರು ಕಾರ್ಡಿಗೆ ಕಟ್ಟಿದ್ದು ಶೇ 3.5. ಆ ಸಾವಿರ ಮೊದಲೇ ಕೈಗೆ ಬಂದು ಕಾರ್ಡಿಗೆ ಹೋಗಿದ್ದರೆ ಆಗಸ್ಟ್ ತನಕ ಕಾಯುವ ಹೊತ್ತಿಗೆ ಬಾಕಿಯ ಅರ್ಧ ತೀರಿರುತ್ತಿತ್ತು.